ನಮ್ಮ ಸೊನ್ನೆ ಎಲ್ಲಿದೆ?

ಭಾನುವಾರ ಊಟ ಮುಗಿಸಿ, ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ ಚಿಕ್ಕಪ್ಪನ ಮುಂದೆ ಐದು ರೂಪಾಯಿಯ ನಾಣ್ಯ ಇಟ್ಟೆ. “ಹೆಡ್ ಬಿದ್ದರೆ ನಾನು ನಿಮಗೆ ನೂರೈವತ್ತು ಕೊಡ್ತೀನಿ. ಟೇಲ್ ಬಿದ್ದರೆ ನೀವು ನನಗೆ ನೂರು ಕೊಡಬೇಕು. ಒಂದೇ ಸಲ. ಆಡೋಣವಾ?”

ಚಿಕ್ಕಪ್ಪ ಸಹಕಾರಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಬಡ್ಡಿ ಲೆಕ್ಕ ಬಾಯಲ್ಲೇ ಹಾಕುತ್ತಾರೆ. ಈ ಪಂದ್ಯದಲ್ಲಿ ಸರಾಸರಿ ಇಪ್ಪತ್ತೈದು ರೂಪಾಯಿ ಲಾಭ ತಮಗೇ ಎಂಬುದು ಅವರಿಗೆ ಹೊಳೆಯಲು ಎರಡು ಕ್ಷಣ ಸಾಕು. ಆದರೂ ತಲೆ ಅಲ್ಲಾಡಿಸಿದರು. “ಬೇಡಪ್ಪ. ನೂರೈವತ್ತು ಬಂದ್ರೆ ಸಂತೋಷವೇ. ಆದ್ರೆ ನೂರು ಹೋಯ್ತು ಅಂದ್ರೆ ರಾತ್ರಿವರೆಗೂ ಅದೇ ಕೊರೀತಿರುತ್ತೆ.”

ಇನ್ನೂರು ಅಂದೆ. ಊಹೂಂ. ಇನ್ನೂರೈವತ್ತು? ಅಡಿಕೆ ಬಾಯಿಗೆ ಹಾಕಿಕೊಂಡು ಯೋಚಿಸಿದರು. ಮುನ್ನೂರು ಅಂದಾಗ “ಹೂಂ, ಹಾಕು” ಎಂದರು. ಟೇಲ್ ಬಿತ್ತು. ಅವರು ನೂರು ಕೊಟ್ಟರು, ಚಿಕ್ಕಮ್ಮ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ವಾಪಸ್ ಕೊಟ್ಟರು. ಆ ಕಥೆ ಬೇರೆ.

ಚಿಕ್ಕಪ್ಪನ ಈ ಉತ್ತರ ಅರ್ಥಶಾಸ್ತ್ರಕ್ಕೆ ಹೊಸದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮುಯೆಲ್ಸನ್ ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬರಿಗೆ ಇಂಥದ್ದೇ ಪಂದ್ಯ ಒಡ್ಡಿದ್ದನ್ನು 1963ರಲ್ಲಿ ಬರೆದಿದ್ದಾರೆ. ಗೆದ್ದರೆ ಇನ್ನೂರು ಡಾಲರ್, ಸೋತರೆ ನೂರು. ಬರುವ ಇನ್ನೂರಕ್ಕಿಂತ ಹೋಗುವ ನೂರೇ ತನ್ನನ್ನು ಹೆಚ್ಚು ಕಾಡುತ್ತದೆ ಎಂದು ಹೇಳಿ ಆತ ಪಂದ್ಯಕ್ಕೆ ಒಪ್ಪಲಿಲ್ಲ. ಜೊತೆಗೆ, ನೂರು ಸಲ ಆಡುವುದಾದರೆ ತಾನು ಸಿದ್ಧ ಎಂದೂ ಸೇರಿಸಿದ. ಈ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ ಎಂದು ಸಾಧಿಸಲು ಸ್ಯಾಮುಯೆಲ್ಸನ್ ಒಂದು ಲೇಖನವನ್ನೇ ಬರೆದರು. ನನಗೇನೋ ಆ ಸಹೋದ್ಯೋಗಿಯ ಮಾತಿನಲ್ಲಿ ತಿರುಳಿದೆ ಅನ್ನಿಸುತ್ತದೆ. ಚಿಕ್ಕಪ್ಪನಿಗೆ ನಾನು ಮೊದಲು ಒಡ್ಡಿದ ನೂರೈವತ್ತು–ನೂರರ ಪಂದ್ಯವನ್ನೇ ನೂರು ಬಾರಿ ಆಡಿದರೆ ಅವರು ನಷ್ಟದಲ್ಲಿ ಏಳಬೇಕಾದರೆ ನಲವತ್ತಕ್ಕಿಂತ ಕಡಿಮೆ ಹೆಡ್ ಬೀಳಬೇಕು. ಅದರ ಸಾಧ್ಯತೆ ನೂರಕ್ಕೆ ಎರಡೂ ಇಲ್ಲ. ಪಂದ್ಯಗಳನ್ನು ಒಟ್ಟಿಗೆ ಕಟ್ಟಿದರೆ ನಷ್ಟ ಕಣ್ಣಿಗೆ ಬೀಳುವುದೇ ಅಪರೂಪವಾಗುತ್ತದೆ. ಒಂದೊಂದಾಗಿ ಬಿಡಿಸಿದರೆ ಸರಿಸುಮಾರು ಅರ್ಧದಷ್ಟು ಸಲ ಚುಚ್ಚುತ್ತದೆ.

ಹಳೆಯ ಲೆಕ್ಕ ಬೇರೆಯೇ ಇತ್ತು. 1738ರಲ್ಲಿ ಡೇನಿಯಲ್ ಬರ್ನೂಲಿ ಎಂಬ ಗಣಿತಜ್ಞ, ಜನ ಹಣವನ್ನು ರೂಪಾಯಿಯಲ್ಲಿ ಅಳೆಯುವುದಿಲ್ಲ, ಅದರಿಂದ ಆಗುವ ಉಪಯೋಗದಲ್ಲಿ ಅಳೆಯುತ್ತಾರೆ ಎಂದಿದ್ದ. ಬಡವನಿಗೆ ನೂರು ರೂಪಾಯಿ ದೊಡ್ಡದು, ಸಾಹುಕಾರನಿಗೆ ಸಣ್ಣದು. ಮಾತೇನೋ ಸರಿ. ಆದರೆ ಆ ಲೆಕ್ಕದಲ್ಲಿ ಮನುಷ್ಯ ಪ್ರತಿ ಸಲವೂ ತನ್ನ ಒಟ್ಟು ಆಸ್ತಿಯನ್ನು ನೋಡುತ್ತಾನೆ. ಚಿಕ್ಕಪ್ಪನಿಗೆ ಸ್ವಂತ ಮನೆ ಇದೆ, ಠೇವಣಿ ಇದೆ, ಪಿಂಚಣಿ ಬರುತ್ತದೆ. ಅಷ್ಟೆಲ್ಲದರ ಎದುರು ನೂರು ಹೋಗುವುದಕ್ಕೂ ನೂರೈವತ್ತು ಬರುವುದಕ್ಕೂ ಯಾವ ಮಹಾ ವ್ಯತ್ಯಾಸ? ಬರ್ನೂಲಿಯ ಪ್ರಕಾರ ಅವರು ಕಣ್ಣುಮುಚ್ಚಿ ಆಡಬೇಕಿತ್ತು. ಆಡಲಿಲ್ಲ, ಏಕೆಂದರೆ ಅವರು ಎಣಿಸಿದ್ದು ಮನೆ–ಠೇವಣಿಯನ್ನಲ್ಲ. ಎಲೆ ಮಡಿಸುತ್ತಿದ್ದ ಆ ಗಳಿಗೆಯನ್ನು ಸೊನ್ನೆ ಎಂದಿಟ್ಟುಕೊಂಡು, ಅಲ್ಲಿಂದ ಮೇಲೆಷ್ಟು, ಕೆಳಗೆಷ್ಟು ಎಂದು ಎಣಿಸಿದರು.

ಈ ಸೊನ್ನೆಯನ್ನೇ ನಡುವೆ ಇಟ್ಟು ಹೊಸ ಲೆಕ್ಕ ಕಟ್ಟಿದವರು ಇಸ್ರೇಲಿನ ಇಬ್ಬರು ಮನಶ್ಶಾಸ್ತ್ರಜ್ಞರು, ಡೇನಿಯಲ್ ಕಾನೆಮನ್ ಮತ್ತು ಅಮೊಸ್ ಟ್ವೆರ್ಸ್ಕಿ. ಅವರ ಲೇಖನ 1979ರಲ್ಲಿ ‘ಎಕನಾಮೆಟ್ರಿಕಾ’ ಎಂಬ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಬಂತು. ಸಿದ್ಧಾಂತದ ಹೆಸರು ಪ್ರಾಸ್ಪೆಕ್ಟ್ ಥಿಯರಿ. ಹೆಸರಿನಲ್ಲಿ ಅರ್ಥ ಹುಡುಕಲು ಹೋಗಬೇಡಿ. ಒಂದು ವೇಳೆ ಪ್ರಸಿದ್ಧವಾದರೆ ಬೇರೆ ಯಾವುದರ ಜೊತೆಗೂ ಬೆರೆತುಹೋಗದಿರಲಿ ಎಂದೇ ಅಂಥ ಹೆಸರಿಟ್ಟೆವು ಎಂದು ಕಾನೆಮನ್ ಆಮೇಲೆ ಹೇಳಿಕೊಂಡಿದ್ದಾರೆ. ಪ್ರಸಿದ್ಧವಂತೂ ಆಯಿತು. 2002ರಲ್ಲಿ ಕಾನೆಮನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವೆರ್ಸ್ಕಿ 1996ರಲ್ಲೇ ತೀರಿಕೊಂಡಿದ್ದರು.

ಅವರ ಪ್ರಯೋಗಕ್ಕೆ ಯಂತ್ರವೂ ಬೇಡ, ಪ್ರಯೋಗಾಲಯವೂ ಬೇಡ. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಕಾಗದದ ಮೇಲೆ ಪ್ರಶ್ನೆ ಕೊಟ್ಟರು, ಅಷ್ಟೇ. ಮೊತ್ತಗಳು ಇಸ್ರೇಲಿನ ಪೌಂಡಿನಲ್ಲಿದ್ದವು. ಆಗ ಅಲ್ಲಿನ ಒಂದು ಸಾಧಾರಣ ಕುಟುಂಬದ ತಿಂಗಳ ವರಮಾನ ಸುಮಾರು ಮೂರು ಸಾವಿರ ಪೌಂಡ್, ಹಾಗಾಗಿ ಪ್ರಶ್ನೆಯಲ್ಲಿದ್ದ ಸಾವಿರ ಕಡೆಗಣಿಸುವ ಮೊತ್ತವೇನಲ್ಲ. ಆ ಕಟ್ಟಿನಲ್ಲಿ ನನಗೆ ಅತಿ ಇಷ್ಟವಾದ ಒಂದು ಜೋಡಿ ಪ್ರಶ್ನೆಯನ್ನು ಇಲ್ಲಿ ಬಿಡಿಸಿಡುತ್ತೇನೆ. ಪೌಂಡಿನ ಬದಲು ರೂಪಾಯಿ ಎಂದುಕೊಳ್ಳಿ.

ಮೊದಲ ಗುಂಪಿಗೆ ಕೇಳಿದ್ದು ಹೀಗೆ. ನಿಮ್ಮ ಬಳಿ ಇರುವುದರ ಜೊತೆಗೆ ಸಾವಿರ ಕೊಟ್ಟಿದ್ದೇವೆ. ಈಗ ಆರಿಸಿಕೊಳ್ಳಿ: ಖಚಿತವಾಗಿ ಇನ್ನೂ ಐನೂರು ತಗೊಳ್ಳುತ್ತೀರೋ, ಇಲ್ಲಾ ನಾಣ್ಯ ಚಿಮ್ಮಿ ಇನ್ನೂ ಸಾವಿರ ಅಥವಾ ಏನೂ ಇಲ್ಲ ಎಂಬ ಆಟ ಆಡುತ್ತೀರೋ? ನೂರಕ್ಕೆ 84 ಜನ ಖಚಿತ ಐನೂರನ್ನು ಹಿಡಿದುಕೊಂಡರು.

ಎರಡನೇ ಗುಂಪಿಗೆ: ನಿಮಗೆ ಎರಡು ಸಾವಿರ ಕೊಟ್ಟಿದ್ದೇವೆ. ಈಗ ಖಚಿತವಾಗಿ ಐನೂರು ಹಿಂದಿರುಗಿಸುತ್ತೀರೋ, ಇಲ್ಲಾ ನಾಣ್ಯ ಚಿಮ್ಮಿ ಸಾವಿರ ಕಳೆದುಕೊಳ್ಳುವ ಅಥವಾ ಏನನ್ನೂ ಕಳೆದುಕೊಳ್ಳದ ಆಟ ಆಡುತ್ತೀರೋ? ಈ ಸಲ ನೂರಕ್ಕೆ 69 ಜನ ನಾಣ್ಯವನ್ನೇ ನೆಚ್ಚಿದರು.

ಪೆನ್ಸಿಲ್ ಹಿಡಿದು ಕೂಡಿ ನೋಡಿ. ಮೊದಲ ಪ್ರಶ್ನೆಯಲ್ಲಿ ಖಚಿತ ದಾರಿ ಹಿಡಿದವರ ಕೈಯಲ್ಲಿ ಕೊನೆಗೆ ಉಳಿಯುವುದು ಸಾವಿರದ ಐನೂರು. ಎರಡನೆಯದರಲ್ಲೂ ಸಾವಿರದ ಐನೂರೇ. ಆಟದ ದಾರಿ ಹಿಡಿದವರಿಗೆ ಎರಡರಲ್ಲೂ ಅರ್ಧ ಸಾಧ್ಯತೆಯಲ್ಲಿ ಸಾವಿರ, ಅರ್ಧ ಸಾಧ್ಯತೆಯಲ್ಲಿ ಎರಡು ಸಾವಿರ. ಎರಡೂ ಒಂದೇ ಪ್ರಶ್ನೆ. ಬರ್ನೂಲಿ ಹೇಳಿದಂತೆ ಜನ ಒಟ್ಟು ಆಸ್ತಿ ನೋಡುವವರಾಗಿದ್ದರೆ ಉತ್ತರವೂ ಒಂದೇ ಬರಬೇಕಿತ್ತು. ತದ್ವಿರುದ್ಧ ಬಂತು. ಮೊದಲೇ ಕೊಟ್ಟ ಸಾವಿರವನ್ನೋ ಎರಡು ಸಾವಿರವನ್ನೋ ಯಾರೂ ಲೆಕ್ಕಕ್ಕೆ ಸೇರಿಸಿಕೊಳ್ಳಲೇ ಇಲ್ಲ. ಅದನ್ನು ಕಿಸೆಗೆ ಇಳಿಸಿ, ಅಲ್ಲೊಂದು ಗೆರೆ ಎಳೆದು, ಇನ್ನು ಇಲ್ಲಿಂದ ಶುರು ಎಂದುಕೊಂಡರು. ಈ ಗೆರೆಯನ್ನೇ ಶಾಸ್ತ್ರದಲ್ಲಿ ರೆಫರೆನ್ಸ್ ಪಾಯಿಂಟ್ ಎನ್ನುತ್ತಾರೆ. ನಾನು ಸೊನ್ನೆ ಗೆರೆ ಎನ್ನುತ್ತೇನೆ.

ಗೆರೆ ಎಳೆದದ್ದು ಉತ್ತರ ಕೊಟ್ಟವರಲ್ಲ, ಪ್ರಶ್ನೆ ಬರೆದವರು. ಈ ಮಾತನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಿ.

ಗೆರೆಯ ಮೇಲೆ ಜನ ಯಾಕೆ ಅಂಜುತ್ತಾರೆ, ಕೆಳಗೆ ಯಾಕೆ ಹುಂಬ ಧೈರ್ಯ ಮಾಡುತ್ತಾರೆ? ಸೊನ್ನೆಯಿಂದ ಐನೂರಕ್ಕೆ ಹೋದಾಗ ಆಗುವ ಖುಷಿ, ಐನೂರರಿಂದ ಸಾವಿರಕ್ಕೆ ಹೋದಾಗ ಅಷ್ಟೇ ಪ್ರಮಾಣದಲ್ಲಿ ಆಗುವುದಿಲ್ಲ. ಎರಡನೇ ಹೋಳಿಗೆ ಮೊದಲನೆಯದರಷ್ಟು ರುಚಿಸದ ಹಾಗೆ. ನೋವಿಗೂ ಇದೇ ನಿಯಮ. ಮೊದಲ ಐನೂರು ಹೋದದ್ದು ಚುರುಕು ಮುಟ್ಟಿಸುತ್ತದೆ. ಅದರ ಹಿಂದೆಯೇ ಇನ್ನೊಂದು ಐನೂರು ಹೋದರೆ, ಹೋದದ್ದು ಹೋಯಿತು ಎನ್ನಿಸುತ್ತದೆ. 1992ರಲ್ಲಿ ಇದೇ ಇಬ್ಬರು ಸಿದ್ಧಾಂತವನ್ನು ತಿದ್ದಿ ಬರೆದಾಗ ಇದಕ್ಕೆ ಅಂಕಿ ಕೊಟ್ಟರು. ಮೊತ್ತವನ್ನು 0.88ರ ಘಾತಕ್ಕೆ ಏರಿಸಿದರೆ ಮನಸ್ಸಿನ ತೂಕ ಸಿಗುತ್ತದೆ. ನಷ್ಟವಾದರೆ ಆ ತೂಕವನ್ನು 2.25ರಿಂದ ಗುಣಿಸಬೇಕು. ಗಣಿತ ಬೇಡದವರು ಫಲಿತಾಂಶವನ್ನಷ್ಟೇ ನೋಡಿ.

ಐನೂರರ ಲಾಭ ಮನಸ್ಸಿನಲ್ಲಿ ಸುಮಾರು 237 ತೂಗುತ್ತದೆ. ಸಾವಿರದ ಲಾಭ 474 ಆಗಬೇಕಿತ್ತಲ್ಲ, ಆಗುವುದಿಲ್ಲ. ಸುಮಾರು 437 ಅಷ್ಟೇ. ಅದು ಸಿಗುವ ಸಾಧ್ಯತೆ ಅರ್ಧ, ಅಂದರೆ 218. ಖಚಿತ ಐನೂರರ 237 ಗೆದ್ದಿತು. ಈಗ ನಷ್ಟದ ಕಡೆ ಹೋಗೋಣ. ಖಚಿತವಾಗಿ ಐನೂರು ಕಳೆದುಕೊಳ್ಳುವ ನೋವು ಸುಮಾರು 534. ಸಾವಿರ ಹೋಗುವ ನೋವಿನ ಅರ್ಧ 491. ಕಡಿಮೆ ನೋವಿನ ದಾರಿ ಯಾವುದು? ನಾಣ್ಯ. ಮೊದಲ ಗುಂಪು ಐನೂರನ್ನು ಹಿಡಿದದ್ದೂ ಎರಡನೇ ಗುಂಪು ನಾಣ್ಯಕ್ಕೆ ಕೈ ಹಾಕಿದ್ದೂ ಈ ಒಂದೇ ಸೂತ್ರದಿಂದ ಬರುತ್ತದೆ. ಸಾಧ್ಯತೆಗಳನ್ನೂ ಮನಸ್ಸು ತಿರುಚಿ ಓದುತ್ತದೆ, ಸಾವಿರಕ್ಕೊಂದು ಎಂಬುದನ್ನು ಇರುವುದಕ್ಕಿಂತ ದೊಡ್ಡದು ಮಾಡಿಕೊಳ್ಳುತ್ತದೆ, ಲಾಟರಿಯೂ ವಿಮೆಯೂ ಒಂದೇ ಮನೆಯಲ್ಲಿ ಇರುವುದು ಅದರಿಂದಲೇ ಎಂಬುದು ಸಿದ್ಧಾಂತದ ಇನ್ನೊಂದು ಭಾಗ. ಅದನ್ನು ಇಲ್ಲಿ ಬದಿಗಿಟ್ಟಿದ್ದೇನೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಬರೆಯುವವರೂ ಭಾಷಣ ಮಾಡುವವರೂ ಇದರಲ್ಲಿ ಎಡವುತ್ತಲೇ ಇರುತ್ತಾರೆ. ಎರಡನೇ ಗುಂಪು ನಾಣ್ಯ ಆರಿಸಿದ್ದಕ್ಕೆ ‘ಲಾಸ್ ಅವರ್ಷನ್’ ಕಾರಣ ಎನ್ನುತ್ತಾರೆ. ಅಲ್ಲ. ಅಲ್ಲಿ ಎರಡೂ ದಾರಿ ನಷ್ಟದ್ದೇ ಆದ್ದರಿಂದ 2.25 ಎರಡೂ ಕಡೆ ಇದೆ, ತಕ್ಕಡಿಯ ಎರಡೂ ತಟ್ಟೆಗೆ ಒಂದೇ ಕಲ್ಲು ಹಾಕಿದ ಹಾಗೆ. ಅದನ್ನು ತೆಗೆದುಹಾಕಿದರೂ ಉತ್ತರ ಬದಲಾಗುವುದಿಲ್ಲ. ಅಲ್ಲಿ ಕೆಲಸ ಮಾಡಿದ್ದು ಎರಡನೇ ಹೋಳಿಗೆಯ ನಿಯಮ. ಲಾಸ್ ಅವರ್ಷನ್, ನಮ್ಮ ಮಾತಿನಲ್ಲಿ ನಷ್ಟದ ಅಂಜಿಕೆ, ಬಣ್ಣ ತೋರಿಸುವುದು ಒಂದೇ ಪಂದ್ಯದಲ್ಲಿ ಲಾಭ–ನಷ್ಟ ಎರಡೂ ಬೆರೆತಾಗ. ಅಂದರೆ ಚಿಕ್ಕಪ್ಪನ ಪಂದ್ಯದಲ್ಲಿ. ನೂರು ಹೋಗುವ ನೋವು ಸೂತ್ರದ ಪ್ರಕಾರ ಸುಮಾರು 130. ನೂರೈವತ್ತರ ಖುಷಿ 82 ಮಾತ್ರ. ಎರಡೂ ಸರಿತೂಗಬೇಕಾದರೆ ಗೆಲುವಿನ ಮೊತ್ತ ಸುಮಾರು ಇನ್ನೂರೈವತ್ತಕ್ಕೆ ಏರಬೇಕು. ಚಿಕ್ಕಪ್ಪ ಅಲ್ಲಿಗೂ ಒಪ್ಪದೆ ಇನ್ನೈವತ್ತು ಎಳೆದರು. ಬ್ಯಾಂಕಿನವರು.

ಈಗ ಕಿಸೆಗೆ ಹತ್ತಿರದ ಒಂದು ಲೆಕ್ಕ. ನಿಮ್ಮ ಬಳಿ ಎರಡು ಕಂಪನಿಯ ಷೇರು ಇವೆ ಎನ್ನಿ. ಒಂದನ್ನು ಇನ್ನೂರಕ್ಕೆ ಕೊಂಡಿದ್ದಿರಿ, ಇನ್ನೊಂದನ್ನು ನಾನೂರಕ್ಕೆ. ಇವತ್ತು ಎರಡರ ಬೆಲೆಯೂ ಮುನ್ನೂರು. ಮನೆಯಲ್ಲಿ ಮದುವೆ ಖರ್ಚು, ಒಂದನ್ನು ಮಾರಬೇಕು. ನಾಳೆ ಎರಡೂ ನೂರು ಏರಲೂಬಹುದು, ನೂರು ಇಳಿಯಲೂಬಹುದು, ಸಾಧ್ಯತೆ ಸರಿಸಮ ಎಂದಿಟ್ಟುಕೊಳ್ಳೋಣ. ಯಾವುದನ್ನು ಮಾರುತ್ತೀರಿ?

ಮಾರುಕಟ್ಟೆಯ ಮಟ್ಟಿಗೆ ಎರಡಕ್ಕೂ ವ್ಯತ್ಯಾಸವಿಲ್ಲ. ಆದರೆ ನೀವು ಕೊಂಡ ಬೆಲೆಯಲ್ಲಿ ಗೆರೆ ಎಳೆದಿದ್ದೀರಿ. ಮೊದಲನೆಯದನ್ನು ಈಗ ಮಾರಿದರೆ ಖಚಿತ ನೂರು ಲಾಭ, ಇಟ್ಟುಕೊಂಡರೆ ಇನ್ನೂರು ಅಥವಾ ಸೊನ್ನೆ. ಎರಡನೆಯದನ್ನು ಮಾರಿದರೆ ಖಚಿತ ನೂರು ನಷ್ಟ, ಇಟ್ಟುಕೊಂಡರೆ ಇನ್ನೂರು ನಷ್ಟ ಅಥವಾ ‘ಅಸಲು ಬಂತು’. ಗುರುತು ಸಿಕ್ಕಿತೇ? ಇವು ಆ ಎರಡು ಪ್ರಶ್ನೆಗಳೇ, ವೇಷ ಬದಲಿಸಿಕೊಂಡು ಬಂದಿವೆ. ಉತ್ತರವೂ ಹಾಗೆಯೇ: ಲಾಭದ್ದನ್ನು ಮಾರುತ್ತೇವೆ, ನಷ್ಟದ್ದನ್ನು ತಬ್ಬಿಕೊಂಡು ಕೂರುತ್ತೇವೆ.

ಇದನ್ನು ಬರೀ ಕಾಗದದ ಮೇಲೆ ಬಿಡದೆ ಟೆರೆನ್ಸ್ ಓಡಿಯನ್ ಎಂಬ ಸಂಶೋಧಕ ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ ಹತ್ತು ಸಾವಿರ ಖಾತೆಗಳನ್ನು ಕೆದಕಿ ನೋಡಿದರು. ವಹಿವಾಟುಗಳು 1987ರಿಂದ 1993ರವರೆಗಿನವು, ಲೇಖನ ಬಂದದ್ದು 1998ರಲ್ಲಿ. ಹೂಡಿಕೆದಾರರು ಮಾರಬಹುದಾಗಿದ್ದ ಲಾಭಗಳಲ್ಲಿ ನೂರಕ್ಕೆ ಸುಮಾರು 15ನ್ನು ಕೈಗೆ ಮಾಡಿಕೊಂಡಿದ್ದರು, ನಷ್ಟಗಳಲ್ಲಿ ಸುಮಾರು 10ನ್ನು ಮಾತ್ರ. ಸೋತ ಷೇರು ಮೇಲೇಳುತ್ತದೆ ಎಂಬ ಅವರ ನಿರೀಕ್ಷೆ ಸರಿಯಿತ್ತೇ? ಇಲ್ಲ. ಮುಂದಿನ ಒಂದು ವರ್ಷದಲ್ಲಿ, ಮಾರಿದ ಗೆಲುವಿನ ಷೇರುಗಳೇ ಇಟ್ಟುಕೊಂಡ ಸೋಲಿನ ಷೇರುಗಳಿಗಿಂತ ಸರಾಸರಿ ಹೆಚ್ಚು ಗಳಿಸಿದವು. ತೆರಿಗೆಯ ಲೆಕ್ಕದಲ್ಲೂ ಇದು ಉಲ್ಟಾ. ನಷ್ಟದ್ದನ್ನು ಮಾರಿದ್ದರೆ ತೆರಿಗೆ ಉಳಿಯುತ್ತಿತ್ತು. ನಮ್ಮ ಆದಾಯ ತೆರಿಗೆ ಕಾನೂನಿನಲ್ಲೂ ಷೇರು ಮಾರಿ ಆದ ನಷ್ಟವನ್ನು ಷೇರಿನ ಲಾಭದ ಎದುರು, ನಿಯಮಗಳಿಗೆ ಒಳಪಟ್ಟು, ವಜಾ ಹಾಕಿಕೊಳ್ಳಲು ಅವಕಾಶವಿದೆ. ಮಾರದೆ ಇಟ್ಟುಕೊಂಡ ನಷ್ಟಕ್ಕೆ ಆ ಅನುಕೂಲ ಇಲ್ಲ. ಆದರೂ ‘ಮಾರುವವರೆಗೆ ನಷ್ಟ ನಷ್ಟವಲ್ಲ’ ಎಂಬ ಮಾತು ನಮ್ಮಲ್ಲಿ ವೇದವಾಕ್ಯ.

ಒಂದು ಮಾತು ಒಪ್ಪಿಕೊಳ್ಳಬೇಕು. ಈ ನಡವಳಿಕೆ ಪ್ರಾಸ್ಪೆಕ್ಟ್ ಸೂತ್ರದಿಂದಲೇ ಹುಟ್ಟುತ್ತದೆ ಎಂದು ಎಲ್ಲರೂ ಒಪ್ಪುವುದಿಲ್ಲ. ಕೆಲವು ಸನ್ನಿವೇಶಗಳಲ್ಲಿ ಅದೇ ಸೂತ್ರ ಹಾಕಿದರೆ ಉಲ್ಟಾ ಉತ್ತರ ಬರುತ್ತದೆ ಎಂದು ಆಮೇಲಿನವರು ತೋರಿಸಿದ್ದಾರೆ. ‘ನಾನು ತಪ್ಪು ಮಾಡಿದೆ’ ಎಂದು ಒಪ್ಪಿಕೊಳ್ಳುವ ಮುಜುಗರವೂ ಇದರಲ್ಲಿ ಕೂಡಿಕೊಂಡಿರಬಹುದು.

ಕುದುರೆ ಜೂಜಿನಲ್ಲಿ ಗೆರೆಯ ಆಟ ಇನ್ನೂ ನಿಚ್ಚಳ. ದಿನದ ಕೊನೆಯ ರೇಸುಗಳಲ್ಲಿ, ಗೆಲ್ಲುವ ಸಾಧ್ಯತೆ ತೀರ ಕಡಿಮೆ ಇರುವ ಕುದುರೆಗಳ ಮೇಲೆ ಜನ ಹೆಚ್ಚು ಹಣ ಕಟ್ಟುತ್ತಾರೆ ಎಂಬುದನ್ನು ಕಾನೆಮನ್–ಟ್ವೆರ್ಸ್ಕಿ ತಮ್ಮ ಲೇಖನದಲ್ಲಿ ಪ್ರಸ್ತಾಪಿಸಿದ್ದಾರೆ. ಬೆಳಿಗ್ಗೆ ಎರಡು ಸಾವಿರ ತಂದವನ ಬಳಿ ಸಂಜೆಗೆ ಇನ್ನೂರು ಉಳಿದಿದೆ ಎನ್ನಿ. ಅವನ ಸೊನ್ನೆ ಈಗಲೂ ಬೆಳಗಿನ ಎರಡು ಸಾವಿರದಲ್ಲೇ ನಿಂತಿದೆ. ಇನ್ನೂರನ್ನು ನಾನೂರು ಮಾಡುವ ಕುದುರೆ ಅವನಿಗೆ ಬೇಡ, ಅದರಿಂದ ಗೆರೆ ಮುಟ್ಟಲಾಗದು. ಒಂದಕ್ಕೆ ಹತ್ತು ಕೊಡುವ ಕುದುರೆಯೇ ಬೇಕು. ಅದೇ ಹೊತ್ತಿಗೆ ಇನ್ನೂರು ರೂಪಾಯಿ ಹಿಡಿದು ಹೊಸದಾಗಿ ಒಳಗೆ ಬಂದವನು ಆ ಕುದುರೆಯ ಕಡೆ ತಿರುಗಿಯೂ ನೋಡಲಿಕ್ಕಿಲ್ಲ. ಕೈಯಲ್ಲಿರುವ ಹಣ ಒಂದೇ, ಗೆರೆ ಬೇರೆ. ಹೋದದ್ದರ ಜೊತೆ ರಾಜಿಯಾಗದವನು ಬೇರೆ ಹೊತ್ತಿನಲ್ಲಿ ಮುಟ್ಟದ ಪಂದ್ಯವನ್ನೂ ಮುಟ್ಟುತ್ತಾನೆ ಎಂಬುದು ಅವರ ವಿವರಣೆ.

ಹಾಗಾದರೆ ಗೆರೆ ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳಬಹುದೇ? ಸಿದ್ಧಾಂತದ ದೊಡ್ಡ ತೂತು ಇರುವುದು ಇಲ್ಲೇ. 1979ರ ಲೇಖನ, ಸಾಮಾನ್ಯವಾಗಿ ಈಗಿನ ಸ್ಥಿತಿಯೇ ಗೆರೆ, ಕೆಲವೊಮ್ಮೆ ನಿರೀಕ್ಷೆಯೂ ಗೆರೆಯಾಗಬಹುದು ಎಂದು ಹೇಳಿ ಮುಂದೆ ಸಾಗುತ್ತದೆ. ನಿರೀಕ್ಷೆ ಗೆರೆಯಾಗುವುದೆಂದರೇನು ಎಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಅದೇ. ತುತ್ತು ತಟ್ಟೆಯಲ್ಲೇ ಇದ್ದಿದ್ದರೆ ಇಷ್ಟು ಸಂಕಟವಿರಲಿಲ್ಲ. ಇಪ್ಪತ್ತು ಸಾವಿರ ಬೋನಸ್ ಬರುತ್ತದೆಂದು ಕಾದವನಿಗೆ ಹನ್ನೆರಡು ಸಾವಿರ ಬಂದರೆ ಆತ ಮನೆಗೆ ಬರುವುದು ಎಂಟು ಸಾವಿರ ಕಳೆದುಕೊಂಡವನ ಮುಖ ಹೊತ್ತು. 2006ರಲ್ಲಿ ಕೊಸೆಗಿ ಮತ್ತು ರೇಬಿನ್ ಎಂಬ ಅರ್ಥಶಾಸ್ತ್ರಜ್ಞರು ನಿರೀಕ್ಷೆಯನ್ನೇ ಗೆರೆಯಾಗಿ ಇಟ್ಟು ಸಿದ್ಧಾಂತವನ್ನು ಮುಂದಕ್ಕೆ ಒಯ್ದರು. ಆದರೂ ಒಬ್ಬ ಮನುಷ್ಯನಿಗೆ ಕೊಂಡ ಬೆಲೆ, ನಿರೀಕ್ಷೆ, ಪಕ್ಕದ ಮನೆಯವನ ಗಳಿಕೆ, ಇವುಗಳಲ್ಲಿ ಯಾವುದು ಯಾವ ಹೊತ್ತಿನಲ್ಲಿ ಸೊನ್ನೆಯಾಗುತ್ತದೆ ಎಂಬುದಕ್ಕೆ ಪಕ್ಕಾ ಸೂತ್ರ ಸಿಕ್ಕಿಲ್ಲ. ಸೂತ್ರ ಇಲ್ಲದಿರುವಾಗ ಏನೇ ನಡೆದರೂ ಆಮೇಲೆ ಅದಕ್ಕೆ ಹೊಂದುವ ಗೆರೆ ಎಳೆದು ತೋರಿಸುವುದು ಸುಲಭ. ಓದುಗರು ಆ ಜಾಗದಲ್ಲಿ ಎಚ್ಚರವಾಗಿರಬೇಕು.

2.25 ಎಂಬ ಅಂಕಿಯನ್ನೂ ಪ್ರಕೃತಿ ನಿಯಮದಂತೆ ಹಿಡಿಯಬಾರದು. ಅದು ಬಂದದ್ದು ಇಪ್ಪತ್ತೈದು ಮಂದಿ ಸ್ನಾತಕೋತ್ತರ ವಿದ್ಯಾರ್ಥಿಗಳ ಉತ್ತರದಿಂದ. ಮೊತ್ತ ಚಿಲ್ಲರೆಯಾಗಿದ್ದಾಗ ನಷ್ಟದ ಅಂಜಿಕೆ ತೆಳುವಾಗುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ ಎನ್ನುವವರಿದ್ದಾರೆ. ವ್ಯಾಪಾರದಲ್ಲಿ ಪಳಗಿದವರಲ್ಲೂ ಹೀಗೆ. ಆಟಗಾರರ ಚಿತ್ರದ ಕಾರ್ಡುಗಳಂಥ ಸಂಗ್ರಹದ ಸಾಮಾನಿನ ಮಾರುಕಟ್ಟೆಯಲ್ಲಿ ಜಾನ್ ಲಿಸ್ಟ್ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೈಗೆ ಬಂದ ವಸ್ತುವನ್ನು ಬಿಟ್ಟುಕೊಡಲು ಹೊಸಬರು ಹಿಂಜರಿದಷ್ಟು ಅನುಭವಿ ವ್ಯಾಪಾರಿಗಳು ಹಿಂಜರಿಯಲಿಲ್ಲ. ಅಂಗಡಿಯವರಿಗೆ ಸಾಮಾನು ಹೋಗುವುದು ನಷ್ಟವಲ್ಲ, ದಿನದ ಕಸುಬು. ಹೀಗಿದ್ದೂ ಮೂಲ ಪ್ರಶ್ನೆಗಳು ಮಾತ್ರ ಗಟ್ಟಿ ನಿಂತಿವೆ. ಅವನ್ನು 19 ದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಮತ್ತೆ ಕೇಳಿ 2020ರಲ್ಲಿ ಪ್ರಕಟಿಸಿದಾಗ, ಬಹುಪಾಲು ಉತ್ತರಗಳು ಹಳೆಯ ದಿಕ್ಕಿನಲ್ಲೇ ಬಂದವು. ಒಲವು ಮಾತ್ರ ಮೊದಲಿನಷ್ಟು ಬಲವಾಗಿರಲಿಲ್ಲ.

ಗೆರೆ ಎಳೆಯುವವರು ಪ್ರಶ್ನೆ ಬರೆದವರು ಎಂದಿದ್ದೆ. ಈಗ ಆ ಕೆಲಸವನ್ನು ಮೊಬೈಲ್ ಮಾಡುತ್ತದೆ. ಷೇರು ಆ್ಯಪ್ ತೆರೆದರೆ ಪ್ರತಿ ಕಂಪನಿಯ ಎದುರು ನೀವು ಕೊಂಡ ಬೆಲೆ ಇರುತ್ತದೆ, ಅದಕ್ಕಿಂತ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು. ಕೊಂಡ ಬೆಲೆ ತೆರಿಗೆ ಲೆಕ್ಕಕ್ಕೆ ಬೇಕು, ನಿಜ. ಆ ಷೇರು ನಾಳೆ ಏನಾಗುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಷೇರಿಗೆ ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಗೊತ್ತೇ ಇಲ್ಲ.

ಚಿಕ್ಕಪ್ಪನ ಖಾತೆಯಲ್ಲೂ ಅಂಥ ಒಂದು ಕೆಂಪು ಸಾಲು ಇದೆ. ನಾನೂರ ಹತ್ತಕ್ಕೆ ಕೊಂಡದ್ದು, ಆವತ್ತು ನೂರ ಅರವತ್ತರಲ್ಲಿತ್ತು. ನಾಣ್ಯದ ಆಟ ಮುಗಿದ ಮೇಲೆ ಅದನ್ನು ತೋರಿಸಿ, ಕೊಂಡ ಬೆಲೆಯ ಮೇಲೆ ಹೆಬ್ಬೆರಳಿಟ್ಟು ಕೇಳಿದೆ: “ಇವತ್ತು ನಿಮ್ಮ ಕೈಯಲ್ಲಿ ಈ ನೂರ ಅರವತ್ತು ನಗದಾಗಿ ಇದ್ದಿದ್ರೆ, ಇದೇ ಷೇರು ತಗೋತಿದ್ರಾ?”

“ಹುಚ್ಚು ಹಿಡಿದಿದೆಯಾ? ಮುಟ್ತಿರಲಿಲ್ಲ.”

“ಹಾಗಾದ್ರೆ ಮಾರಿಬಿಡಿ.”

“ಅಸಲು ಬರಲಿ, ಆಮೇಲೆ ನೋಡೋಣ” ಎಂದು ನನ್ನ ಬೆರಳು ಸರಿಸಿದರು. ಮೂರು ತಿಂಗಳಾಯಿತು. ಮೊನ್ನೆ ನೋಡಿದಾಗ ನೂರ ನಲವತ್ತೆರಡು ಇತ್ತು, ಅವರ ಖಾತೆಯಲ್ಲೇ ಇತ್ತು.